ಗೆಳೆಯನ ಮುಂದೆ ತಡವರಿಸಿದ ಉತ್ತರದಿಂದ ಬ್ಯಾಕಪ್ ಸ್ಲೈಡ್ ಮಾಡುವುದು ಹೇಗೆ: ಥೀಸಿಸ್ ವೈವಾಕ್ಕೆ ಒಂದು ಅಣಕು ಪ್ರಶ್ನೆ ಸುತ್ತು

ನನ್ನ ಎಂ.ಎಸ್ಸಿ. ಥೀಸಿಸ್ ಭತ್ತದ ಗದ್ದೆಯ ನೀರಿನ ಮೇಲೆ. ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಗದ್ದೆಯಲ್ಲಿ ಪ್ರಯೋಗ ಮಾಡಿದ್ದೆ. ಸದಾ ನೀರು ನಿಲ್ಲಿಸಿದ ತಾಕು, ಆಗಾಗ ಆರಲು ಬಿಟ್ಟ ತಾಕು, ಎರಡರ ಇಳುವರಿಯೂ "ಆನ್ ಪಾರ್", ಅಂದರೆ ಗಮನಾರ್ಹ ವ್ಯತ್ಯಾಸ ಇಲ್ಲ, ಎಂದು ಸ್ಲೈಡಿನಲ್ಲಿ ಬರೆದಿದ್ದೆ. ವೈವಾಕ್ಕೆ ಹತ್ತು ದಿನ ಇತ್ತು. ಮೈಸೂರಿನಲ್ಲಿ ಗೆಳೆಯನ ರೂಮಿಗೆ ಹೋಗಿ ಅವನ ಮುಂದೆ ಒಂದು ಸಲ ಪೂರ್ತಿ ಹೇಳಿದೆ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಊರು ಪಾಂಡವಪುರದ ಕಡೆ, ಅವರಪ್ಪ ಈಗಲೂ ಗದ್ದೆ ಮಾಡುತ್ತಾರೆ. ನಾನು ಮುಗಿಸಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಇದು: "ಆನ್ ಪಾರ್ ಅಂದ್ಯಲ್ಲ, ಅಂದ್ರೆ ಎರಡರ ಇಳುವರಿನೂ ಒಂದೇನಾ?"

ನಾನು "ಹೂಂ, ಹೆಚ್ಚುಕಮ್ಮಿ ಒಂದೇ" ಅಂದೆ. "ಹೆಚ್ಚು ಎಷ್ಟು, ಕಮ್ಮಿ ಎಷ್ಟು?" ಅಂದ. ಅಲ್ಲಿಗೆ ನನ್ನ ಮಾತು ನಿಂತಿತು. ಎರಡು ವರ್ಷ ಅದೇ ಅಂಕಿಗಳ ಜೊತೆ ಬದುಕಿದ್ದೆ. ಆದರೂ ಆ ಒಂದು ಅಂಕಿಯನ್ನು ನಾನು ಯಾವತ್ತೂ ಲೆಕ್ಕ ಹಾಕಿಯೇ ಇರಲಿಲ್ಲ.

ಇಂಥ ಉತ್ತರಗಳಿಗೆ ಬ್ಯಾಕಪ್ ಸ್ಲೈಡ್, ಅಂದರೆ ಪ್ರಶ್ನೆ ಬಂದರೆ ಮಾತ್ರ ತೆರೆಯುವ ಸ್ಲೈಡ್, ಮಾಡಿಕೊಳ್ಳಲು ಆ ಸಂಜೆಯಿಂದ ವೈವಾದ ದಿನದವರೆಗೆ ನಾವಿಬ್ಬರೂ ಮಾಡಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಲೆಕ್ಕ ಸುಲಭವಾಗಿ ಅರ್ಥವಾಗಲಿ ಎಂದು ಇಳುವರಿ ಮತ್ತು ನೀರಿನ ಅಂಕಿಗಳನ್ನು ದುಂಡಗೆ ಮಾಡಿ ಬದಲಿಸಿ ಇಟ್ಟಿದ್ದೇನೆ. ದಯವಿಟ್ಟು ಅವನ್ನು ಜಿಲ್ಲೆಯ ಸರಾಸರಿ ಎಂದು ಯಾರೂ ಎತ್ತಿಕೊಳ್ಳಬೇಡಿ.

ಮೊದಲು, ಪ್ರಯೋಗ ಏನು ಅಂತ

ಮುಂದಿನ ಪ್ರಶ್ನೆಗಳು ಅರ್ಥವಾಗಲು ಇಷ್ಟು ಬೇಕು. ಭತ್ತಕ್ಕೆ ಸದಾ ನೀರು ನಿಲ್ಲಿಸಿಯೇ ಬೆಳೆಯುವುದು ನಮ್ಮ ಕಡೆಯ ರೂಢಿ. ಇನ್ನೊಂದು ಪದ್ಧತಿಯಲ್ಲಿ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಹಲವು ದೇಶಗಳಿಗೆ ಹರಡಿದೆ. 30 ಸೆಂ.ಮೀ. ಉದ್ದದ ಪೈಪಿಗೆ ತೂತು ಕೊರೆದು ಅರ್ಧ ಭಾಗ ಮಣ್ಣಿನಲ್ಲಿ ಹೂಳುವುದು, ಒಳಗಿನ ಮಣ್ಣು ತೆಗೆಯುವುದು. ಆಗ ನೆಲದಡಿಯ ನೀರು ಎಲ್ಲಿದೆ ಎಂದು ಪೈಪಿನೊಳಗೆ ಕಾಣುತ್ತದೆ. ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಹೋದಾಗ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ಕಟ್ಟಬೇಕು. ಪೈರು ಹೂವಾಗುವ ಹೊತ್ತಿಗೆ, ಅದರ ಹಿಂದೆ ಮುಂದೆ ಒಂದೊಂದು ವಾರ, ಗದ್ದೆಯಲ್ಲಿ ನೀರು ನಿಂತಿರಲೇಬೇಕು.

ನನ್ನ ಪ್ರಯೋಗದಲ್ಲಿ ನಾಲ್ಕು ಟ್ರೀಟ್‌ಮೆಂಟ್: ಸದಾ ನೀರು, ಮತ್ತೆ 5, 10, 15 ಸೆಂ.ಮೀ. ಇಳಿದಾಗ ಕಟ್ಟುವುದು. ಪ್ರತಿಯೊಂದಕ್ಕೂ ಐದು ರೆಪ್ಲಿಕೇಷನ್. ಒಟ್ಟು 20 ತಾಕು.

ಯಾರನ್ನು ಕೂರಿಸಬೇಕು, ಅವರಿಗೆ ಏನು ಕೊಡಬೇಕು

ಅದೇ ಲ್ಯಾಬಿನವರನ್ನು ಮೊದಲ ಸುತ್ತಿಗೆ ಕರೆಯಬೇಡಿ. ನಿಮ್ಮ ಹಾಗೆಯೇ ಅವರೂ "ಆನ್ ಪಾರ್" ಅನ್ನುವ ಮಾತನ್ನು ದಿನಾ ಬಳಸಿ ಬಳಸಿ ಅದರ ಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟಿರುತ್ತಾರೆ. ಲೆಕ್ಕ ಗೊತ್ತಿರುವ, ನಿಮ್ಮ ವಿಷಯ ಪೂರ್ತಿ ಗೊತ್ತಿಲ್ಲದ, ನಿಮ್ಮ ಹತ್ತಿರ ಸಂಕೋಚ ಇಲ್ಲದ ಒಬ್ಬರು ಸಾಕು. ಹೊರಗಿನಿಂದ ಬರುವ ಪರೀಕ್ಷಕರಿಗೆ ನಿಮ್ಮ ಗದ್ದೆ, ನಿಮ್ಮ ಮಳೆ, ನಿಮ್ಮ ತಾಕಿನ ಬದು ಯಾವುದೂ ಗೊತ್ತಿರುವುದಿಲ್ಲ ಅಲ್ವಾ? ಗೆಳೆಯನೂ ಅದೇ ಜಾಗದಲ್ಲಿ ಕೂತಿರುತ್ತಾನೆ.

ಎರಡು ದಿನ ಮುಂಚೆಯೇ ಅವರಿಗೆ ಸ್ಲೈಡುಗಳ ಪ್ರಿಂಟ್ ಕೊಡಿ. ಒಂದು ಹಾಳೆಗೆ ಆರು ಸ್ಲೈಡ್ ಬಂದರೆ ಸಾಕು, ಆದರೆ ಪ್ರತಿ ಸ್ಲೈಡಿಗೂ ನಂಬರ್ ಇರಲೇಬೇಕು. ಪ್ರಶ್ನೆ ಬರೆಯುವಾಗ "ಆ ಹಸಿರು ಗ್ರಾಫ್ ಇತ್ತಲ್ಲ" ಅನ್ನುವ ಬದಲು "14ರಲ್ಲಿ" ಅಂತ ಬರೆಯಬಹುದು. ಜೊತೆಗೆ ಥೀಸಿಸ್‌ನ ಒಂದು ಪುಟದ ಸಾರಾಂಶ. ಪೂರ್ತಿ ಥೀಸಿಸ್ ಕೊಡಬೇಡಿ. ಓದಲು ಸಮಯ ಸಿಗುವುದಿಲ್ಲ, ಓದಲಿಲ್ಲ ಎಂಬ ಮುಜುಗರದಲ್ಲಿ ಅವರು ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡುತ್ತಾರೆ.

ಇನ್ನೊಂದು ಮಾತು ಮೊದಲೇ ಆಗಿರಬೇಕು. ಅವರ ಕೆಲಸ ಕೇಳುವುದು, ಬರೆದುಕೊಳ್ಳುವುದು. ತಿದ್ದುವುದಲ್ಲ. ನನ್ನ ಗೆಳೆಯ ಮೇಷ್ಟ್ರಾದ್ದರಿಂದ ಇದು ಅವನಿಗೆ ತುಂಬಾ ಕಷ್ಟವಾಯಿತು. ನಾನು ತಡವರಿಸಿದ ಕೂಡಲೇ "ಹೀಗೆ ಹೇಳು" ಅಂತ ಬಾಯಿ ಹಾಕುತ್ತಿದ್ದ. ಆಗ ನಾನು ಎಲ್ಲಿ ಮುಗ್ಗರಿಸಿದೆ ಅನ್ನುವುದೇ ಮುಚ್ಚಿ ಹೋಗುತ್ತದೆ. ಎರಡು ಸಲ ಹೀಗಾದ ಮೇಲೆ ಹೇಳಿದೆ: "ನೀನು ಹೇಳಿಕೊಡೋದು ಕೊನೆಗೆ ಇರ್ಲಿ, ಈಗ ಬರೀ ಕೇಳು ಕಣೋ."

ಸುತ್ತು ನಡೆಸುವುದು

ಮೊದಲು ಇಡೀ ಪ್ರೆಸೆಂಟೇಷನ್ ಒಂದು ಸಲ ನಿಂತು ಹೇಳಿ. ಮಧ್ಯೆ ಯಾರೂ ಮಾತಾಡಬಾರದು. ಗೆಳೆಯ ಪ್ರಿಂಟಿನ ಪಕ್ಕದಲ್ಲೇ ಪ್ರಶ್ನೆ ಗೀಚಿಕೊಳ್ಳುತ್ತಾ ಹೋಗಲಿ. ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಆನ್ ಮಾಡಿಡಿ.

ಆಮೇಲೆ 20 ನಿಮಿಷ ಪ್ರಶ್ನೆ. ಪ್ರತಿ ಪ್ರಶ್ನೆಗೂ ನೀವು ಉತ್ತರ ಕೊಟ್ಟ ಮೇಲೆ ಅವರು ಇನ್ನೊಂದು ಕೊಕ್ಕೆ ಹಾಕಲೇಬೇಕು: "ಅಂದ್ರೆ?", "ಎಷ್ಟು?", "ಅದು ಹೇಗೆ ಗೊತ್ತು?" ಈ ಮೂರರಲ್ಲಿ ಯಾವುದಾದರೂ ಒಂದು. ನಾವು ಮೊದಲ ಉತ್ತರವನ್ನು ಬಾಯಿಪಾಠದಿಂದ ಹೇಳಿಬಿಡುತ್ತೇವೆ. ಎರಡನೇ ಪ್ರಶ್ನೆಗೆ ಬಾಯಿಪಾಠ ಇರುವುದಿಲ್ಲ. ನನ್ನ ಹದಿಮೂರು ಪ್ರಶ್ನೆಗಳಲ್ಲಿ ಮೊದಲ ಹೊಡೆತಕ್ಕೇ ಬಿದ್ದದ್ದು ಮೂರು. ಎರಡನೆಯದಕ್ಕೆ ಬಿದ್ದದ್ದು ಇನ್ನೂ ಐದು.

ನೀವು ಪಾತ್ರದಿಂದ ಹೊರಗೆ ಬರಬಾರದು. "ಇದನ್ನ ಆಮೇಲೆ ನೋಡ್ಕೋತೀನಿ ಬಿಡು" ಅನ್ನುವ ಮಾತು ವೈವಾದಲ್ಲಿ ನಡೆಯುವುದಿಲ್ಲ. ಗೊತ್ತಿಲ್ಲದಿದ್ದರೆ ಪರೀಕ್ಷಕರ ಮುಂದೆ ಹೇಗೆ ಹೇಳುತ್ತೀರೋ ಹಾಗೇ ಹೇಳಿ.

ಗೆಳೆಯ ಪ್ರತಿ ಉತ್ತರದ ಪಕ್ಕದಲ್ಲಿ ಮೂರು ವಿಷಯ ಗುರುತು ಮಾಡಲಿ. ಮೊದಲನೆಯದು, ಮೊದಲ ವಾಕ್ಯದಲ್ಲೇ ಉತ್ತರ ಬಂತಾ, ಇಲ್ಲ ಸುತ್ತಿ ಬಂತಾ. ಎರಡನೆಯದು, ಅಂಕಿ ಕೇಳಿದಾಗ ಅಂಕಿ ಬಂತಾ. ಮೂರನೆಯದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು: ಉತ್ತರ ಹೇಳುವಾಗ ಕೈ ಗಾಳಿಯಲ್ಲಿ ಚಿತ್ರ ಬರೆಯಿತಾ? ಕೈ ಮೇಲೆ ಕೆಳಗೆ ಓಡಿ, "ಇಲ್ಲಿ ಒಂದು ತಾಕು, ಇಲ್ಲೊಂದು ಬದು" ಅಂತ ತೋರಿಸತೊಡಗಿದರೆ ಆ ಉತ್ತರಕ್ಕೆ ಚಿತ್ರ ಬೇಕು ಎಂದೇ ಅರ್ಥ. ಇದು ರೆಕಾರ್ಡಿಂಗಿನಲ್ಲಿ ಸಿಗುವುದಿಲ್ಲ. ಎದುರು ಕೂತವರೇ ನೋಡಿ ಬರೆಯಬೇಕು.

ಗೆಳೆಯ ಮೆತ್ತಗೆ ಕೇಳುತ್ತಿದ್ದಾನೆ ಅನ್ನಿಸಿದರೆ ತಿಳಿಯಲು ಒಂದು ದಾರಿ ಇದೆ. ಹತ್ತು ಪ್ರಶ್ನೆ ಮುಗಿದರೂ ಒಂದಕ್ಕೂ ನಿಮ್ಮ ಉತ್ತರ ಅರ್ಧಕ್ಕೆ ನಿಂತಿಲ್ಲ ಎಂದರೆ ಸುತ್ತು ಸರಿಯಾಗಿ ಆಗಿಲ್ಲ. ಆಗ ಅವರಿಗೆ ನಿಮ್ಮ ಕೊನೆಯ ತೀರ್ಮಾನದ ಸ್ಲೈಡ್ ಕೊಟ್ಟು, "ಇದರಲ್ಲಿ ಒಂದೊಂದು ಸಾಲೂ ಸುಳ್ಳು ಅಂದುಕೊಂಡು ಕೇಳು" ಅನ್ನಿ. ಪ್ರಶ್ನೆಗಳು ತಾನಾಗಿ ಚೂಪಾಗುತ್ತವೆ.

ಅದೇ ರಾತ್ರಿ ವಿಂಗಡಿಸಿ

ಮರುದಿನಕ್ಕೆ ಇಡಬೇಡಿ. ರಾತ್ರಿ ಕಳೆದರೆ ನಾವು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ್ದೆವು ಎಂದು ನೆನಪು ತಿದ್ದಿಕೊಳ್ಳುತ್ತದೆ. ರೆಕಾರ್ಡಿಂಗ್ ಹಾಕಿಕೊಂಡು, ಬಿದ್ದ ಉತ್ತರಗಳನ್ನು ಒಂದೊಂದಾಗಿ ಕೇಳಿ, ಬಿದ್ದದ್ದು ಯಾಕೆ ಅಂತ ಪಕ್ಕದಲ್ಲಿ ಬರೆಯಿರಿ. ಇಲ್ಲೇ ಹೆಚ್ಚಿನವರು ಎಡವುವುದು. ಬಿದ್ದ ಉತ್ತರಕ್ಕೆಲ್ಲ ಒಂದೊಂದು ಸ್ಲೈಡ್ ಮಾಡಿ, ಕೊನೆಗೆ ಮೂವತ್ತು ಬ್ಯಾಕಪ್ ಸ್ಲೈಡ್ ಆಗಿ, ವೈವಾದಲ್ಲಿ ಯಾವುದೂ ಕೈಗೆ ಸಿಗುವುದಿಲ್ಲ. ನನ್ನ ಎಂಟು ಬಿದ್ದ ಉತ್ತರಗಳಿಂದ ಬಂದ ಸ್ಲೈಡ್ ಬರೀ ನಾಲ್ಕು.

ಕೆಲವು ಉತ್ತರ ನಿಮಗೆ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ ಅಷ್ಟೆ. "15 ಸೆಂ.ಮೀ.ಗೇ ಯಾಕೆ ನಿಲ್ಲಿಸಿದೆ, ಇನ್ನೂ ಆರಿಸಬಹುದಿತ್ತಲ್ಲ?" ಎಂದು ಗೆಳೆಯ ಕೇಳಿದಾಗ ನಾನು ಮಣ್ಣಿನ ಬಗೆ, ಬೇರಿನ ಆಳ ಅಂತ ಎರಡು ನಿಮಿಷ ಸುತ್ತಿದೆ. ಉತ್ತರ ಒಂದೇ ವಾಕ್ಯ: ನೀರು 15 ಸೆಂ.ಮೀ. ಕೆಳಗಿದ್ದರೂ ಅದರ ಮೇಲಿನ ಮಣ್ಣು ಹಸಿಯಾಗೇ ಇರುತ್ತದೆ, ಬೇರಿಗೆ ನೀರು ಸಿಗುತ್ತಲೇ ಇರುತ್ತದೆ, ಅದಕ್ಕಿಂತ ಕೆಳಗೆ ಬಿಟ್ಟರೆ ಇಳುವರಿ ಕುಸಿಯುವ ಅಪಾಯ ಜಾಸ್ತಿ. ಇದಕ್ಕೆ ಸ್ಲೈಡ್ ಬೇಡ. ಹತ್ತು ಸಲ ಬಾಯಲ್ಲಿ ಹೇಳಿ ಅಭ್ಯಾಸ ಮಾಡಿದರೆ ಆಯಿತು. ಎಂಟರಲ್ಲಿ ಮೂರು ಇಂಥವು.

ಕೆಲವಕ್ಕೆ ಉತ್ತರವೇ ಇರುವುದಿಲ್ಲ, ಯಾಕೆಂದರೆ ಆ ಕೆಲಸ ಮಾಡಿಲ್ಲ. ನನ್ನ ಪಟ್ಟಿಯಲ್ಲಿ ಇಂಥದ್ದು ಒಂದು ಇತ್ತು. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಉಳಿದವು ಕಣ್ಣಿಗೆ ಕಾಣಿಸದೆ ಹೇಳಲಾಗದ ಉತ್ತರಗಳು. ಒಂದು ಲೆಕ್ಕ, ಒಂದು ಕೋಷ್ಟಕ, ಒಂದು ನಕ್ಷೆ. ಬ್ಯಾಕಪ್ ಸ್ಲೈಡ್ ಇರುವುದು ಇವಕ್ಕೆ ಮಾತ್ರ.

ಒಂದು ಬಿದ್ದ ಉತ್ತರ ಸ್ಲೈಡ್ ಆದ ಬಗೆ

ಆ "ಹೆಚ್ಚು ಎಷ್ಟು, ಕಮ್ಮಿ ಎಷ್ಟು" ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮುಖ್ಯ ಸ್ಲೈಡಿನಲ್ಲಿ ನಾನು ಬರೆದಿದ್ದು: ಸದಾ ನೀರು ನಿಲ್ಲಿಸಿದ್ದಕ್ಕೆ ಹೆಕ್ಟೇರಿಗೆ 6.1 ಟನ್, 15 ಸೆಂ.ಮೀ. ಆರಿಸಿದ್ದಕ್ಕೆ 5.9 ಟನ್, ಸಿ.ಡಿ. 0.44, ಆದ್ದರಿಂದ ಆನ್ ಪಾರ್. ವ್ಯತ್ಯಾಸ 0.2 ಟನ್. ಅದು ಸಿ.ಡಿ.ಗಿಂತ, ಅಂದರೆ ವ್ಯತ್ಯಾಸ ಗಮನಾರ್ಹ ಎನ್ನಲು ಬೇಕಾದ ಕನಿಷ್ಠ ಅಂತರಕ್ಕಿಂತ, ಕಡಿಮೆ. ನಮ್ಮಲ್ಲಿ ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ.

ಸಿ.ಡಿ. ಬಂದದ್ದು ಹೀಗೆ. 4 ಟ್ರೀಟ್‌ಮೆಂಟ್, 5 ರೆಪ್ಲಿಕೇಷನ್ ಇದ್ದಾಗ ಎರರ್ ಡಿಗ್ರೀಸ್ ಆಫ್ ಫ್ರೀಡಂ 3 × 4 = 12. ಶೇ. 5ರ ಮಟ್ಟದಲ್ಲಿ 12ಕ್ಕೆ t ಬೆಲೆ 2.179. ಎರರ್ ಮೀನ್ ಸ್ಕ್ವೇರ್ 0.10 ಎಂದಿಟ್ಟುಕೊಳ್ಳಿ.

```
CD = t × √(2 × MSE / r)
   = 2.179 × √(2 × 0.10 / 5)
   = 2.179 × 0.2
   = 0.44
```

ಈಗ ಗೆಳೆಯನ ಪ್ರಶ್ನೆಗೆ ಬರೋಣ. ವ್ಯತ್ಯಾಸದ ಎರಡೂ ಕಡೆಗೆ ಸಿ.ಡಿ.ಯಷ್ಟು ಜಾಗ ಬಿಟ್ಟರೆ, ನಿಜವಾದ ವ್ಯತ್ಯಾಸ ಇರಬಹುದಾದ ಶೇ. 95ರ ವ್ಯಾಪ್ತಿ ಸಿಗುತ್ತದೆ. ಕಾಣಿಸಿದ್ದು 0.2 ಟನ್ ನಷ್ಟ. ಅದರಿಂದ 0.44 ಆ ಕಡೆ ಹೋದರೆ 0.64 ಟನ್ ನಷ್ಟ. ಈ ಕಡೆ ಬಂದರೆ 0.24 ಟನ್ ಲಾಭ. ಎಕರೆ ಲೆಕ್ಕಕ್ಕೆ ಇಳಿಸಿದರೆ, ನಷ್ಟ ಎರಡೂವರೆ ಕ್ವಿಂಟಾಲ್ ದಾಟಿಯೂ ಇರಬಹುದು, ಇಲ್ಲವೇ ಒಂದು ಕ್ವಿಂಟಾಲಿನ ಹತ್ತಿರ ಲಾಭವೂ ಇರಬಹುದು.

ಇದನ್ನು ಕಾಗದದ ಮೇಲೆ ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. "ಇಳುವರಿ ಕಡಿಮೆಯಾಗಲಿಲ್ಲ" ಎಂದು ನಾನು ತೀರ್ಮಾನದಲ್ಲಿ ಬರೆದಿದ್ದೆ. ನನ್ನ 20 ತಾಕುಗಳು ಅಷ್ಟು ಹೇಳುವ ಶಕ್ತಿಯನ್ನೇ ನನಗೆ ಕೊಟ್ಟಿರಲಿಲ್ಲ. ಅವು ಹೇಳಿದ್ದು "ವ್ಯತ್ಯಾಸ ಇದೆ ಎಂದು ಖಚಿತವಾಗಿ ಹೇಳಲಾಗದು" ಎಂಬಷ್ಟನ್ನೇ. ಎರಡೂವರೆ ಕ್ವಿಂಟಾಲ್ ಭತ್ತ ಅಂದರೆ ಒಂದು ಮನೆಗೆ ಸಣ್ಣದಲ್ಲ.

ಸ್ಲೈಡ್ ಮಾಡುವಾಗ ನಾನು ಪಾಲಿಸಿದ ಕ್ರಮ ಇದು. ತಲೆಬರಹದಲ್ಲಿ ಪೂರ್ತಿ ಉತ್ತರ, ಒಂದು ವಾಕ್ಯದಲ್ಲಿ: "ಆನ್ ಪಾರ್ ಎಂದರೆ ಸಮ ಅಲ್ಲ: ವ್ಯತ್ಯಾಸ –0.64ರಿಂದ +0.24 ಟನ್ ನಡುವೆ." ಕೆಳಗೆ ಒಂದೇ ಒಂದು ಚಿತ್ರ. ಮಧ್ಯದಲ್ಲಿ ಸೊನ್ನೆಯ ಗೆರೆ, ಅದನ್ನು ದಾಟಿ ಎರಡೂ ಕಡೆ ಚಾಚಿದ ಒಂದು ಅಡ್ಡಪಟ್ಟಿ, –0.2ರ ಮೇಲೆ ಒಂದು ಚುಕ್ಕೆ. ಬಲಗಡೆ ಸಣ್ಣದಾಗಿ ಮೇಲಿನ ಲೆಕ್ಕ. ಎಡಗಡೆ ಕೆಳಮೂಲೆಯಲ್ಲಿ ಥೀಸಿಸ್‌ನ ಯಾವ ಕೋಷ್ಟಕದಿಂದ ಬಂತು ಎಂಬ ನಂಬರ್. ಅಷ್ಟೇ.

ಕೋಷ್ಟಕದ ನಂಬರ್ ಮರೆಯಬೇಡಿ. ಪರೀಕ್ಷಕರ ಕೈಯಲ್ಲಿ ಥೀಸಿಸ್ ಇರುತ್ತದೆ. ಅವರು ಆ ಪುಟ ತೆರೆದು ತಾಳೆ ನೋಡಿದರೆ ಎರಡೂ ಕಡೆ ಒಂದೇ ಅಂಕಿ ಇರಬೇಕು. ಥೀಸಿಸ್‌ನಲ್ಲಿ 5.87 ಇದ್ದು ಸ್ಲೈಡಿನಲ್ಲಿ 5.9 ಇದ್ದರೂ ಒಂದು ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆ ನಿಮ್ಮ ಕೆಲಸದ ಬಗ್ಗೆ ಇರುವುದಿಲ್ಲ, ಸಮಯ ಮಾತ್ರ ತಿನ್ನುತ್ತದೆ.

ಇನ್ನು ಈ ಬ್ಯಾಕಪ್ ಸ್ಲೈಡ್ ಮಾಡಿದ ಮೇಲೆ ಮುಖ್ಯ ಸ್ಲೈಡನ್ನೂ ತಿದ್ದಬೇಕಾಯಿತು. ತೀರ್ಮಾನದ ಸಾಲನ್ನು "ಇಳುವರಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ" ಎಂದು ಬದಲಿಸಿದೆ. ಗೈಡ್‌ಗೆ ತೋರಿಸಿ, ಅವರ ಒಪ್ಪಿಗೆ ಪಡೆದ ಮೇಲೆ. ಇದನ್ನು ಒತ್ತಿ ಹೇಳುತ್ತೇನೆ: ಬ್ಯಾಕಪ್ ಸ್ಲೈಡು ಮುಖ್ಯ ಸ್ಲೈಡಿನ ಮಾತಿಗೆ ಅಡ್ಡ ಬಂದರೆ, ತಪ್ಪು ಇರುವುದು ಮುಖ್ಯ ಸ್ಲೈಡಿನಲ್ಲಿ. ಹಿಂದೆ ಸ್ಲೈಡ್ ಮುಚ್ಚಿಟ್ಟುಕೊಂಡು ಮುಂದೆ ದೊಡ್ಡ ಮಾತು ಹೇಳುವುದು ಬೇಡ.

ನೀರಿನ ಲೆಕ್ಕ

ಎರಡನೇ ಸ್ಲೈಡ್ ಹುಟ್ಟಿದ್ದು ಇನ್ನೂ ಸರಳ ಪ್ರಶ್ನೆಯಿಂದ. ನಾನು "28% ನೀರು ಉಳಿತಾಯ" ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದೆ. ಗೆಳೆಯ ಕೇಳಿದ: "ಮಳೆ ಸೇರಿಸಿ ಶೇ. 28ಆ, ಬಿಟ್ಟಾ?"

ನಾವು ಕಟ್ಟಿದ ನೀರು ಸದಾ ನಿಲ್ಲಿಸಿದ ತಾಕಿಗೆ 1,200 ಮಿ.ಮೀ., ಆರಿಸಿದ ತಾಕಿಗೆ 860. ಉಳಿದದ್ದು 340. 1,200ರಲ್ಲಿ 340 ಎಂದರೆ ಶೇ. 28. ಆದರೆ ಆ ಹಂಗಾಮಿನಲ್ಲಿ 300 ಮಿ.ಮೀ. ಮಳೆ ಎರಡೂ ತಾಕಿಗೆ ಬಿದ್ದಿದೆ. ಅದನ್ನು ಸೇರಿಸಿದರೆ 1,500ರಲ್ಲಿ 340, ಅಂದರೆ ಶೇ. 23. ಎರಡೂ ಸರಿಯಾದ ಅಂಕಿಗಳೇ. ಯಾವುದು ಯಾವುದರ ಪಾಲು ಅನ್ನುವುದನ್ನು ನಾನು ಹೇಳಿರಲಿಲ್ಲ.

ಇದು ಎಲ್ಲರಿಗೂ ಬರುವ ಪ್ರಶ್ನೆ. ಹಾಗಾಗಿ ಇದರ ಉತ್ತರದ ಒಂದು ತುಣುಕು ಮುಖ್ಯ ಸ್ಲೈಡಿಗೇ ಹೋಯಿತು: "ಕಟ್ಟಿದ ನೀರಿನಲ್ಲಿ 28% ಉಳಿತಾಯ." ಪೂರ್ತಿ ಕೂಡುಕಳೆ ಮಾತ್ರ ಬ್ಯಾಕಪ್‌ನಲ್ಲಿ ಉಳಿಯಿತು. ಅದರ ಕೆಳಗೆ ಒಂದು ಸಾಲು ಸೇರಿಸಿದೆ. ಎಕರೆ ಮೇಲೆ 1 ಮಿ.ಮೀ. ನೀರು ನಿಂತರೆ ಸುಮಾರು 4,047 ಲೀಟರ್. 340 ಮಿ.ಮೀ. ಎಂದರೆ ಸುಮಾರು 13.8 ಲಕ್ಷ ಲೀಟರ್. ಹೊರಗಿನ ಪರೀಕ್ಷಕರಿಗೆ ಮಿ.ಮೀ. ಸಾಕು. ಆದರೆ ಸಭೆಯಲ್ಲಿ ಬೇರೆ ವಿಭಾಗದವರೂ ಕೂತಿರುತ್ತಾರೆ, ಅವರಿಗೆ ಲೀಟರ್ ಬೇಕಾಗುತ್ತದೆ.

ಈ ಪ್ರಶ್ನೆಯ ಬಾಲದಲ್ಲೇ ಇನ್ನೊಂದು ಬಂತು: ಪಕ್ಕದ ತಾಕಿನಿಂದ ನೀರು ಬಸಿದು ಬರಲಿಲ್ಲವಾ? ಬದುವಿನ ಒಳಗೆ ಪ್ಲಾಸ್ಟಿಕ್ ಹಾಳೆ ಇಳಿಸಿದ್ದೆವು. ಅದನ್ನು ಹೇಳುವಾಗ ನನ್ನ ಕೈ ಗಾಳಿಯಲ್ಲಿ ಓಡಾಡಿತು ಎಂದು ಗೆಳೆಯ ಬರೆದಿದ್ದ. ಅದಕ್ಕೆ ಬದುವಿನ ಅಡ್ಡಸೀಳಿನ ಒಂದು ಚಿತ್ರ, ಹಾಳೆ ಎಷ್ಟು ಆಳಕ್ಕೆ ಹೋಗಿದೆ ಎಂಬ ಅಳತೆ. ಆರಂಭದಲ್ಲಿ ಇದನ್ನೂ ನೀರಿನ ಲೆಕ್ಕವನ್ನೂ ಒಂದೇ ಸ್ಲೈಡಿಗೆ ತುಂಬಿದ್ದೆ. ಎರಡನೇ ಸುತ್ತಿನಲ್ಲಿ ಅದನ್ನು ತೆರೆದಾಗ ಗೆಳೆಯನ ಕಣ್ಣು ಕೇಳಿದ್ದಕ್ಕೆ ಹೋಗದೆ ಇನ್ನೊಂದಕ್ಕೆ ಹೋಯಿತು, ಹೊಸ ಪ್ರಶ್ನೆ ಹುಟ್ಟಿತು. ಬೇರೆ ಬೇರೆ ಮಾಡಿದೆ. ಒಂದು ಸ್ಲೈಡಿಗೆ ಒಂದೇ ಪ್ರಶ್ನೆ.

ಉತ್ತರ ಇಲ್ಲದ ಪ್ರಶ್ನೆ

ಗದ್ದೆ ಮಾಡುವ ಮನೆಯವನಾದ್ದರಿಂದ ಅವನಿಗೆ ಇದು ಹೊಳೆಯಿತು. "ಕೆ.ಆರ್.ಎಸ್. ನೀರು ಕಟ್ಟು ಪದ್ಧತಿಯಲ್ಲಿ ಬಿಡ್ತಾರೆ. ಇಷ್ಟು ದಿನ ನಾಲೆಯಲ್ಲಿ ನೀರು, ಇಷ್ಟು ದಿನ ಬಂದ್. ನಿನ್ನ ಪೈಪು 15ಕ್ಕೆ ಇಳಿದ ದಿನ ನಾಲೆ ಬಂದ್ ಆಗಿದ್ರೆ ನಮ್ಮಪ್ಪ ಏನ್ ಮಾಡ್ಬೇಕು?"

ನನ್ನ ಪ್ರಯೋಗದ ತಾಕಿಗೆ ಬೋರ್‌ವೆಲ್ ಆಸರೆ ಇತ್ತು. ಬೇಕಾದ ದಿನ ನೀರು ಸಿಕ್ಕಿತ್ತು. ನಾಲೆಯ ಸರದಿಗೆ ತಕ್ಕ ಹಾಗೆ ನಾನು ಪರೀಕ್ಷೆ ಮಾಡಿಯೇ ಇಲ್ಲ. ಮೊದಲ ಸುತ್ತಿನಲ್ಲಿ ನಾನು "ಅದು ಹೊಂದಿಸಿಕೊಳ್ಳಬಹುದು" ಅಂದಿದ್ದೆ. ಆ ಮಾತಿಗೆ ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ.

ಇಂಥ ಪ್ರಶ್ನೆಗೆ ಬ್ಯಾಕಪ್ ಸ್ಲೈಡ್ ಮಾಡಲು ಹೋಗಬೇಡಿ. ಬೇರೆಯವರ ಪ್ರಯೋಗದ ಗ್ರಾಫ್ ಅಂಟಿಸಿ ತುಂಬಿಸುವ ಆಸೆ ಬರುತ್ತದೆ. ಆಗ ಪರೀಕ್ಷಕರು ಆ ಗ್ರಾಫಿನ ಮೇಲೆ ಪ್ರಶ್ನೆ ಕೇಳುತ್ತಾರೆ, ಅದಕ್ಕೂ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಬದಲಿಗೆ ಮುಖ್ಯ ಪ್ರೆಸೆಂಟೇಷನ್ನಿನ ಮಿತಿಗಳ ಸ್ಲೈಡಿನಲ್ಲಿ ಒಂದು ಸಾಲು ಸೇರಿಸಿ, ಬಾಯಿಗೆ ಮೂರು ವಾಕ್ಯ ಸಿದ್ಧ ಮಾಡಿಕೊಳ್ಳಿ. ನನ್ನವು ಇವು: "ನಾಲೆಯ ಸರದಿಯಲ್ಲಿ ಇದನ್ನು ನಾನು ಪರೀಕ್ಷಿಸಿಲ್ಲ. ನನ್ನ ತಾಕಿಗೆ ಬೇಕಾದ ದಿನ ನೀರಿತ್ತು. ಮುಂದೆ ಮಾಡುವವರು ನಾಲೆ ಬಂದ್ ಇರುವ ದಿನಗಳನ್ನೇ ಟ್ರೀಟ್‌ಮೆಂಟ್ ಆಗಿ ಇಟ್ಟು ನೋಡಬೇಕು." ಮೂರನೇ ವಾಕ್ಯ ಇಲ್ಲದಿದ್ದರೆ ಉತ್ತರ ಅರ್ಧಕ್ಕೇ ನಿಂತ ಹಾಗಿರುತ್ತದೆ.

ಜೋಡಿಸುವುದು, ತೆರೆಯುವುದು

ಬ್ಯಾಕಪ್ ಸ್ಲೈಡುಗಳೆಲ್ಲ ಧನ್ಯವಾದದ ಸ್ಲೈಡ್ ಆದ ಮೇಲೆ ಬರಲಿ. ಮಧ್ಯೆ ತುರುಕಿದರೆ ಎಲ್ಲ ನಂಬರೂ ಕದಲುತ್ತವೆ. ನನ್ನದರಲ್ಲಿ 22 ಧನ್ಯವಾದ, 23 ಸೂಚಿ, 24ರಿಂದ 27 ಬ್ಯಾಕಪ್.

ಸೂಚಿಯಲ್ಲಿ ವಿಷಯದ ಹೆಸರು ಬರೆಯಬೇಡಿ, ಗೆಳೆಯ ಕೇಳಿದ ಮಾತನ್ನೇ ಬರೆಯಿರಿ. "ಅಂಕಿಅಂಶ ವಿಶ್ಲೇಷಣೆ" ಎಂದು ಬರೆದರೆ ಗಾಬರಿಯಲ್ಲಿ ಅದು ಯಾವುದು ಎಂದು ನೆನಪಾಗುವುದಿಲ್ಲ. "ಆನ್ ಪಾರ್ ಅಂದ್ರೆ ಒಂದೇನಾ?" ಎಂದಿದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಈ ಸೂಚಿ ನಿಮಗಾಗಿ. ಅದನ್ನು ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೈಯಲ್ಲೂ ಇಟ್ಟುಕೊಳ್ಳಿ.

PowerPoint ಸ್ಲೈಡ್ ಶೋ ನಡೆಯುತ್ತಿರುವಾಗ 24 ಎಂದು ಒತ್ತಿ Enter ಒತ್ತಿದರೆ ನೇರ 24ನೇ ಸ್ಲೈಡಿಗೆ ಹೋಗುತ್ತದೆ. Google Slides ನಲ್ಲೂ ಹೀಗೇ. ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಸ್ಲೈಡ್ ದಾಟಿ ಹೋಗಬೇಡಿ, ದಾರಿಯಲ್ಲಿ ಕಂಡ ಬೇರೆ ಸ್ಲೈಡಿನ ಮೇಲೂ ಪ್ರಶ್ನೆ ಬರುತ್ತದೆ. PowerPoint ನಲ್ಲಿ ಬ್ಯಾಕಪ್ ಸ್ಲೈಡುಗಳಿಗೆ Hide Slide ಹಾಕಿದರೂ ನಂಬರ್ ಒತ್ತಿದಾಗ ಅವು ತೆರೆಯುತ್ತವೆ. ಧನ್ಯವಾದ ಆದ ಮೇಲೆ ತಪ್ಪಿ ಒಂದು ಸಲ ಜಾಸ್ತಿ ಒತ್ತಿದರೂ ಅವು ತಾನಾಗಿ ಬರುವುದಿಲ್ಲ. ಪಿಡಿಎಫ್ ಮಾಡಿಕೊಂಡು ಹೋಗುವವರಿಗೆ ಈ ನಂಬರಿನ ದಾರಿ ಎಲ್ಲ ಕಡೆ ಕೆಲಸ ಮಾಡುವುದಿಲ್ಲ, ಮುಂಚೆಯೇ ನೋಡಿಕೊಳ್ಳಿ.

ಎರಡನೇ ಸುತ್ತು

ವೈವಾಕ್ಕೆ ನಾಲ್ಕು ದಿನ ಇರುವಾಗ ಮತ್ತೆ ಕೂತೆವು. ಈ ಸಲ ಪ್ರೆಸೆಂಟೇಷನ್ ಹೇಳಲಿಲ್ಲ, ಬರೀ ಪ್ರಶ್ನೆ. ಅವೇ ಪ್ರಶ್ನೆಗಳನ್ನು ಅವನು ಕ್ರಮ ತಪ್ಪಿಸಿ, ಬೇರೆ ಮಾತಿನಲ್ಲಿ ಕೇಳಿದ. "ಆನ್ ಪಾರ್" ಎಂಬ ಪದವನ್ನೇ ಎತ್ತದೆ "ರೈತನಿಗೆ ಒಂದು ಕಾಳೂ ನಷ್ಟ ಇಲ್ಲ ಅಂತೀರಾ?" ಅಂದ. ನಾನು ಅದಕ್ಕೆ 24 ತೆರೆಯಬೇಕು ಎಂದು ಗುರುತಿಸಬೇಕಿತ್ತು. ಮೂರು ಸೆಕೆಂಡು ಬೇಕಾಯಿತು, ಆದರೆ ಗುರುತಿಸಿದೆ.

ಇಲ್ಲಿ ನೋಡಬೇಕಾದ್ದು ಎರಡು. ಮೊದಲನೆಯದು, ಸ್ಲೈಡ್ ತೆರೆಯುವ ಮುನ್ನ ಬಾಯಿಂದ ಉತ್ತರ ಬಂತಾ? "ಇಲ್ಲ, ಹಾಗೆ ಹೇಳಲಾಗದು, ತೋರಿಸುತ್ತೇನೆ" ಎಂದು ಹೇಳಿ ಆಮೇಲೆ ತೆರೆಯಬೇಕು. ಸುಮ್ಮನೆ ತಲೆ ಬಗ್ಗಿಸಿ ಕೀಬೋರ್ಡ್ ಹುಡುಕಿದರೆ ಉತ್ತರ ಗೊತ್ತಿಲ್ಲದವರ ಹಾಗೆ ಕಾಣುತ್ತದೆ. ಎರಡನೆಯದು, ತೆರೆಯಬಾರದ ಕಡೆ ತೆರೆದಿರಾ? ಸ್ಲೈಡ್ ಮಾಡಿದ ಶ್ರಮಕ್ಕೆ ತೋರಿಸುವ ಆಸೆ ಆಗುತ್ತದೆ. "ಮಳೆ ಸೇರಿಸಿದ್ದೀರಾ?" ಎಂದು ಕೇಳಿದರೆ "ಇಲ್ಲ, ಶೇ. 28 ಕಟ್ಟಿದ ನೀರಿನ ಲೆಕ್ಕ. ಮಳೆ ಸೇರಿಸಿದರೆ ಶೇ. 23" ಎಂದಷ್ಟೇ ಹೇಳಿ. "ಹೇಗೆ?" ಎಂದರೆ ಆಗ ಸ್ಲೈಡ್.

ಕೊನೆಗೆ ಮೂರು ಹೊಸ ಪ್ರಶ್ನೆ ಕೇಳಲು ಹೇಳಿದ್ದೆ. ಅವುಗಳಲ್ಲಿ ಒಂದು: "ನಾಲೆ ನೀರಿನ ಕರ ಎಕರೆ ಲೆಕ್ಕ, ಬೆಳೆ ಲೆಕ್ಕ. ಲೀಟರ್ ಲೆಕ್ಕ ಇಲ್ಲ. ನೀರು ಉಳಿಸಿದವನಿಗೆ ಏನು ಬಂತು?" ಇದಕ್ಕೂ ಉತ್ತರ ಮಿತಿಗಳ ಸ್ಲೈಡಿನಲ್ಲೇ ಇತ್ತು. ಉಳಿದ ಎರಡು 24 ಮತ್ತು 25ಕ್ಕೇ ಬಂದು ನಿಂತವು. ಹೊಸ ಪ್ರಶ್ನೆಗಳು ಹೀಗೆ ಇರುವ ಸ್ಲೈಡುಗಳಿಗೇ ಬಂದು ಸೇರತೊಡಗಿದರೆ ಇನ್ನು ಹೊಸ ಸ್ಲೈಡ್ ಮಾಡಬೇಡಿ. ಮೂರರಲ್ಲಿ ಎರಡಾದರೂ ಎಲ್ಲೂ ಕೂರದೆ ಉಳಿದರೆ, ಬೇರೆ ಒಬ್ಬರನ್ನು ಕರೆದು ಇನ್ನೊಂದು ಸುತ್ತು ಮಾಡಿ.

ವೈವಾದ ಬೆಳಿಗ್ಗೆ

ವೈವಾ ನಡೆಯುವ ಹಾಲ್‌ನ ಕಂಪ್ಯೂಟರಿನಲ್ಲೇ 24 ಒತ್ತಿ, Enter ಒತ್ತಿ ನೋಡಿ. ಫೈಲ್ ತೆರೆಯುವುದನ್ನಷ್ಟೇ ನೋಡಿ ಬರುವವರು ಜಾಸ್ತಿ. ಬೇರೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಒಡೆದು ಕಾಣಬಹುದು, ಅದನ್ನು ಬ್ಯಾಕಪ್ ಸ್ಲೈಡುಗಳಲ್ಲೂ ನೋಡಿ. ಕೈಗೆ ಬರೀ ರಿಮೋಟ್ ಕೊಟ್ಟರೆ ಅದರಲ್ಲಿ ನಂಬರ್ ಇರುವುದಿಲ್ಲ. ಕೀಬೋರ್ಡ್ ಹತ್ತಿರ ನಿಲ್ಲಲು ಜಾಗ ಕೇಳಿಕೊಳ್ಳಿ, ಇಲ್ಲವೇ ಅಲ್ಲಿ ಕೂರುವ ಜೂನಿಯರ್‌ಗೆ ಸೂಚಿಯ ಇನ್ನೊಂದು ಪ್ರತಿ ಕೊಟ್ಟು "ನಾನು ನಂಬರ್ ಹೇಳ್ತೀನಿ, ಒತ್ತಿ Enter ಮಾಡಿ" ಎಂದು ಹೇಳಿಡಿ.

ನನ್ನ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಇಳುವರಿಯ ಕೋಷ್ಟಕ ತೆರೆದು, ಕನ್ನಡಕ ಮೇಲೆತ್ತಿ, "ಈ ಎರಡೂ ಒಂದೇ ಅಂತ ಹೇಗೆ ಹೇಳ್ತೀರಮ್ಮಾ?" ಎಂದು ಕೇಳಿದರು. "ಒಂದೇ ಅಂತ ಹೇಳುವುದಿಲ್ಲ ಸರ್, ಎಕರೆಗೆ ಎರಡೂವರೆ ಕ್ವಿಂಟಾಲ್ ನಷ್ಟವೂ ಇರಬಹುದು, ತೋರಿಸುತ್ತೇನೆ" ಎಂದು ಹೇಳಿ 24 ಒತ್ತಿದೆ. ಅವರು ಅಡ್ಡಪಟ್ಟಿಯನ್ನು ನೋಡಿ, ಥೀಸಿಸ್‌ನ ಪುಟ ನೋಡಿ, ಪೆನ್ನಿನಲ್ಲಿ ಪಕ್ಕದಲ್ಲಿ ಏನೋ ಗುರುತು ಮಾಡಿ, "ರೆಪ್ಲಿಕೇಷನ್ ಜಾಸ್ತಿ ಮಾಡಿದ್ರೆ?" ಎಂದರು. "ಈ ಪಟ್ಟಿ ಕಿರಿದಾಗುತ್ತಿತ್ತು ಸರ್" ಎಂದೆ. ಮುಂದಿನ ಪುಟ ತಿರುಗಿಸಿದರು.